ಪಠ್ಯಕ್ರಮದ ಪಿಡಿಎಫ್‌ನಿಂದ ವಾರವಾರದ ಓದಿನ ಪಟ್ಟಿ

ಪದವಿ ಪಠ್ಯಕ್ರಮದ ಪಿಡಿಎಫ್‌ನಲ್ಲಿ ಘಟಕಗಳಿರುತ್ತವೆ, ಘಟಕಕ್ಕೆ ಇಷ್ಟು ಗಂಟೆ ಎಂದಿರುತ್ತದೆ, ಕೊನೆಗೆ ಪುಸ್ತಕಗಳ ಹೆಸರುಗಳಿರುತ್ತವೆ. ಯಾವ ವಾರ ಯಾವ ಪುಸ್ತಕದ ಎಷ್ಟು ಪುಟ ಎಂಬುದು ಮಾತ್ರ ಇರುವುದಿಲ್ಲ. ವನದುರ್ಗದಿಂದ ಶಹಾಪುರದ ಕಾಲೇಜಿಗೆ ಹೋಗಿಬರುವ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಕರ್ನಾಟಕ ಇತಿಹಾಸದ ಪತ್ರಿಕೆಗೆ ಅದನ್ನು ತಾನೇ ಮಾಡಿಕೊಳ್ಳಬೇಕಿದೆ ಎಂದಿಟ್ಟುಕೊಳ್ಳೋಣ.

ಮೊದಲ ತೊಡಕು ಅಕ್ಷರದ್ದು. ಪಿಡಿಎಫ್‌ನಿಂದ ‘ಕರ್ನಾಟಕ’ ನಕಲಿಸಿ ಅಂಟಿಸಿದಾಗ `PÀ£ÁðlPÀ` ಎಂದು ಬಂದರೆ ಅದು ಹಳೆಯ ನುಡಿ ಫಾಂಟ್. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿದರೆ ಸರಿಹೋಗುತ್ತದೆ. ಅಕ್ಷರ ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ನಾಲ್ಕೈದು ಪುಟವಷ್ಟೇ ಇದ್ದರೆ ಕೈಯಲ್ಲಿ ಬರೆದುಕೊಳ್ಳುವುದೇ ಬೇಗ.

ಇನ್ನು ವಾರಗಳ ಲೆಕ್ಕ. 15 ಗಂಟೆಯ ನಾಲ್ಕು ಘಟಕ, ಒಟ್ಟು 60 ಗಂಟೆ; ಸೆಮಿಸ್ಟರ್ 16 ವಾರ ಎನ್ನೋಣ. ಇಂಟರ್ನಲ್ ಪರೀಕ್ಷೆಗೆ ಎರಡು ವಾರ, ಹಬ್ಬಕ್ಕೋ ಹತ್ತಿ ಬಿಡಿಸುವ ಕೆಲಸಕ್ಕೋ ಒಂದು ವಾರ ಕಳೆಯಿರಿ. ಕೊನೆಯ ಒಂದು ವಾರ ಖಾಲಿ ಬಿಡಿ. ಉಳಿದದ್ದು 12. ಘಟಕಕ್ಕೆ ಮೂರು ವಾರ, ವಾರಕ್ಕೆ ಐದು ಗಂಟೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ: ಪಠ್ಯಕ್ರಮದ ಸಾಲುಗಳನ್ನು ಎಣಿಸಿ ವಾರಗಳಿಗೆ ಹಂಚಿಬಿಡುತ್ತಾರೆ. ‘ಬ್ರಿಟಿಷರ ವಿರುದ್ಧ ಪ್ರತಿರೋಧ: ಕಿತ್ತೂರು, ನಗರ, ಸುರಪುರ, ಹಲಗಲಿ’ ಎಂಬುದು ನೋಡಲು ಒಂದೇ ಸಾಲು. ಒಳಗೆ 1824ರ ಕಿತ್ತೂರಿದೆ, 1830ರ ನಗರದ ರೈತರ ದಂಗೆಯಿದೆ, 1857ರ ಹಲಗಲಿಯ ಬೇಡರಿದ್ದಾರೆ, 1857–58ರ ಸುರಪುರದ ವೆಂಕಟಪ್ಪ ನಾಯಕನಿದ್ದಾನೆ. ಆದ್ದರಿಂದ ಅಲ್ಪವಿರಾಮ ಬಂದಲ್ಲೆಲ್ಲ ಸಾಲು ಮುರಿದು, ಒಂದೊಂದು ವಿಷಯವನ್ನೂ ಬೇರೆ ಬರೆಯಬೇಕು.

ಆಮೇಲೆ ಪುಸ್ತಕ. ಗ್ರಂಥಾಲಯದಲ್ಲಿ ಸೂರ್ಯನಾಥ ಕಾಮತರ ಕರ್ನಾಟಕ ಇತಿಹಾಸವಿದ್ದರೆ, ಅದರ ವಿಷಯಸೂಚಿ ಮತ್ತು ಕೊನೆಯ ಪದಸೂಚಿ ನೋಡಿ ಆ ನಾಲ್ಕೂ ವಿಷಯಗಳ ಮುಂದೆ ಪುಟಸಂಖ್ಯೆ ಬರೆಯಿರಿ. ಪುಸ್ತಕದ ಹೆಸರಷ್ಟೇ ಬರೆದ ಪಟ್ಟಿಯಿಂದ ಓದು ಸಾಗುವುದಿಲ್ಲ. ಟಿಪ್ಪಣಿ ಮಾಡಿಕೊಳ್ಳುತ್ತಾ ಒಂದು ಗಂಟೆ ಓದಿ ನಿಮ್ಮ ವೇಗ ಅಳೆಯಿರಿ. ಗಂಟೆಗೆ ಎಂಟು ಪುಟವಾದರೆ ಐದು ಗಂಟೆಗೆ 40 ಪುಟ. ಅದಕ್ಕಿಂತ ಹೆಚ್ಚು ಬಂದ ವಾರವನ್ನು ಒಡೆಯಲೇಬೇಕು.

ಪಟ್ಟಿಯಲ್ಲಿ ಒಂದು ವಾರ ಹೀಗೆ ಕಾಣುತ್ತದೆ: ‘ವಾರ 10. ಸುರಪುರ, ಹಲಗಲಿ. ಅವಶ್ಯ: ಕಾಮತ್, ಗುರುತಿಸಿದ ಪುಟಗಳು. ಹೆಚ್ಚುವರಿ: ಮೆಡೋಸ್ ಟೇಲರನ ಆತ್ಮಕಥೆಯಲ್ಲಿ ಸುರಪುರದ ಭಾಗ.’ ಟೇಲರ್ 1840ರ ದಶಕದಲ್ಲಿ ಸುರಪುರದಲ್ಲೇ ಇದ್ದು ಆಡಳಿತ ನೋಡಿಕೊಂಡವನು, ವೆಂಕಟಪ್ಪ ನಾಯಕನನ್ನು ಬಾಲಕನಾಗಿ ಕಂಡವನು. ಸುರಪುರ ನಾಯಕರ ಕೋಟೆಯಿರುವ ವನದುರ್ಗದ ಹುಡುಗಿಗೆ ಅದನ್ನು ಬಿಡಲು ಮನಸ್ಸಾಗದು. ಆದರೂ ಅದು ಹೆಚ್ಚುವರಿಯ ಕಾಲಂನಲ್ಲೇ ಇರಲಿ.

ಓದು ಹಿಂದೆ ಬಿದ್ದರೆ ಇಡೀ ಪಟ್ಟಿಯನ್ನು ಮುಂದಕ್ಕೆ ತಳ್ಳಬೇಡಿ; ಕೊನೆಯ ಘಟಕ ಪರೀಕ್ಷೆಯ ಆಚೆಗೆ ಹೋಗಿಬಿಡುತ್ತದೆ. ಆ ವಾರದ ಹೆಚ್ಚುವರಿ ಓದನ್ನು ಕೈಬಿಡಿ, ಉಳಿದ ಅವಶ್ಯ ಪುಟಗಳನ್ನು ಮಾತ್ರ ಖಾಲಿ ವಾರಕ್ಕೆ ಬರೆಯಿರಿ. ಅಲ್ಲೂ 40 ಪುಟ ದಾಟಿದರೆ ಉಪನ್ಯಾಸಕರನ್ನು ಕೇಳಿ, ಹಳೆಯ ಪ್ರಶ್ನೆಪತ್ರಿಕೆ ನೋಡಿ, ಯಾವುದನ್ನು ಬಿಡಬಹುದೆಂದು ತೀರ್ಮಾನಿಸಿ.