ಶೇಕಡಾ 10ರ ರಿಯಾಯಿತಿಗೆ ಶೇಕಡಾ 50ರಷ್ಟು ಹೆಚ್ಚು ಮಾರಾಟ: ದರ ಇಳಿಸುವ ಮುನ್ನ ಮಾಡಬೇಕಾದ ಲೆಕ್ಕ

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮ್ಮ ಕನ್ನಡ ಶಾಲೆಗಳ ಪಾಲಕರಲ್ಲಿ ಸಣ್ಣ ವ್ಯಾಪಾರವನ್ನು ನೆಚ್ಚಿಕೊಂಡವರು ಅನೇಕರಿದ್ದಾರೆ. ಶೇಂಗಾ ಹಿಂಡಿ, ಕಡಕ್ ರೊಟ್ಟಿ ಮಾಡಿ ಮಾರುವ ತಾಯಂದಿರಿದ್ದಾರೆ. ಕಿರಾಣಿ ಅಂಗಡಿ ನಡೆಸುವವರಿದ್ದಾರೆ. ಹಬ್ಬ, ಜಾತ್ರೆ ಸಮೀಪಿಸಿದಾಗ ಇವರೆಲ್ಲರ ಮುಂದೆ ಒಂದೇ ಪ್ರಶ್ನೆ ಏಳುತ್ತದೆ: ದರವನ್ನು ಸ್ವಲ್ಪ ಇಳಿಸಿದರೆ ಮಾರಾಟ ಹೆಚ್ಚೀತೇ? ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮಾರಾಟವು ಎಷ್ಟು ಹೆಚ್ಚಿದರೆ ಇಳಿಸಿದ ದರದ ನಷ್ಟ ತುಂಬೀತು ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲು ಎಂಟನೆಯ ತರಗತಿಯ ಗಣಿತ ಸಾಕು.

ಉದಾಹರಣೆಗಾಗಿ ಒಂದು ಮನೆಯ ವ್ಯಾಪಾರವನ್ನು ಕಲ್ಪಿಸಿಕೊಳ್ಳೋಣ. ಆ ಮನೆಯವರು ಶೇಂಗಾ ಹಿಂಡಿಯ ಕಾಲು ಕಿಲೋ ಪೊಟ್ಟಣವನ್ನು 100 ರೂಪಾಯಿಗೆ ಮಾರುತ್ತಾರೆ. ಒಂದು ಪೊಟ್ಟಣಕ್ಕೆ ಶೇಂಗಾ 30 ರೂಪಾಯಿ, ಮೆಣಸಿನಕಾಯಿ-ಬೆಳ್ಳುಳ್ಳಿ-ಜೀರಿಗೆ-ಉಪ್ಪು 10, ಹುರಿಯುವ ಇಂಧನ 5, ಪೊಟ್ಟಣದ ಚೀಲ 5, ಕುಟ್ಟುವ ಕೂಲಿ 12, ಸಾಗಣೆ 8. ಒಟ್ಟು 70 ರೂಪಾಯಿ ತಗಲುತ್ತದೆ. ಪೊಟ್ಟಣ ಒಂದು ಹೆಚ್ಚಾದರೆ ಈ ಖರ್ಚೂ 70 ರೂಪಾಯಿ ಹೆಚ್ಚುತ್ತದೆ. ಮಾರುವ ದರದಲ್ಲಿ ಇದನ್ನು ಕಳೆದರೆ ಉಳಿಯುವ 30 ರೂಪಾಯಿಯನ್ನು ನಾವು ಇಲ್ಲಿ ಪೊಟ್ಟಣದ 'ಉಳಿಕೆ' ಎಂದು ಕರೆಯೋಣ.

ತಿಂಗಳಿಗೆ 200 ಪೊಟ್ಟಣ ಮಾರಾಟವಾದರೆ ಒಟ್ಟು ಉಳಿಕೆ 6,000 ರೂಪಾಯಿ. ಇದರಲ್ಲಿ ಕೋಣೆಯ ಬಾಡಿಗೆ ಹಾಗೂ ಕುಟ್ಟುವ ಯಂತ್ರದ ಸಾಲದ ಕಂತಿಗೆ 4,000 ರೂಪಾಯಿ ಹೋಗುತ್ತದೆ. ಮನೆಗೆ ಬರುವುದು 2,000 ರೂಪಾಯಿ.

ಈಗ ಶೇಕಡಾ 10ರ ರಿಯಾಯಿತಿ ಕೊಟ್ಟರೆಂದು ಇಟ್ಟುಕೊಳ್ಳೋಣ. ದರ 90 ರೂಪಾಯಿಗೆ ಇಳಿಯಿತು. ಖರ್ಚು ಮಾತ್ರ 70 ರೂಪಾಯಿಯಲ್ಲೇ ನಿಂತಿತು. ಶೇಂಗಾ ಮಾರಿದವನಾಗಲಿ, ಕುಟ್ಟಿದ ಕೂಲಿಯವಳಾಗಲಿ ನಮಗಾಗಿ ತಮ್ಮ ದರವನ್ನು ಇಳಿಸುವುದಿಲ್ಲ. ಆದುದರಿಂದ ಕೊಟ್ಟ 10 ರೂಪಾಯಿಯೂ ಉಳಿಕೆಯಿಂದಲೇ ಹೋಗುತ್ತದೆ. 30 ಇದ್ದದ್ದು 20 ಆಗುತ್ತದೆ. ದರ ಇಳಿದದ್ದು ಹತ್ತನೆಯ ಒಂದು ಪಾಲು, ಉಳಿಕೆ ಇಳಿದದ್ದು ಮೂರನೆಯ ಒಂದು ಪಾಲು. ಮೊದಲಿನ 6,000 ರೂಪಾಯಿಯನ್ನು ಮುಟ್ಟಲು 6,000ವನ್ನು 20ರಿಂದ ಭಾಗಿಸಬೇಕು. 300 ಪೊಟ್ಟಣ ಮಾರಾಟವಾಗಬೇಕು. ಅಂದರೆ ಮಾರಾಟ ಶೇಕಡಾ 50ರಷ್ಟು ಏರಿದರೆ ಹಿಂದಿನಷ್ಟೇ ಆದಾಯ. ಲಾಭವೇನಿದ್ದರೂ 301ನೆಯ ಪೊಟ್ಟಣದಿಂದ ಆರಂಭ.

ಮಾರಾಟ 240ಕ್ಕೆ ಏರಿದರೆ ಅಂಗಡಿಯಲ್ಲಿ ಗದ್ದಲ ಕಾಣುತ್ತದೆ, ಗಲ್ಲೆಯಲ್ಲಿಯೂ ಮೊದಲಿಗಿಂತ ಹೆಚ್ಚು ಹಣ ಬೀಳುತ್ತದೆ: 20,000 ಇದ್ದದ್ದು 21,600 ಆಗುತ್ತದೆ. ಆದರೆ ಉಳಿಕೆ 4,800 ರೂಪಾಯಿ. ಬಾಡಿಗೆ ಮತ್ತು ಕಂತು ಕಳೆದರೆ ಮನೆಗೆ ಬರುವುದು 800 ರೂಪಾಯಿ ಮಾತ್ರ. 40 ಪೊಟ್ಟಣ ಹೆಚ್ಚು ತಯಾರಿಸಿ 1,200 ರೂಪಾಯಿ ಕಡಿಮೆ ಗಳಿಸಿದಂತಾಯಿತು. ಗಲ್ಲೆಯನ್ನಷ್ಟೇ ನೋಡುವವರಿಗೆ ಇದು ಗೋಚರಿಸುವುದಿಲ್ಲ. ತಿಂಗಳ ಕೊನೆಗೆ ಮಕ್ಕಳ ವಹಿ-ಪುಸ್ತಕಕ್ಕೆ ಹಣ ಎಣಿಸುವಾಗ ಗೋಚರಿಸುತ್ತದೆ.

ಈ ಲೆಕ್ಕದ ಸೂತ್ರ ಹೀಗಿದೆ:

ಬೇಕಾದ ಹೆಚ್ಚುವರಿ ಮಾರಾಟ (ಶೇಕಡಾ) = ರಿಯಾಯಿತಿ ÷ (ಉಳಿಕೆ − ರಿಯಾಯಿತಿ) × 100

ಇಲ್ಲಿ ಉಳಿಕೆ ಮತ್ತು ರಿಯಾಯಿತಿ ಎರಡನ್ನೂ ಒಂದು ಪೊಟ್ಟಣಕ್ಕೆ ರೂಪಾಯಿಗಳಲ್ಲಿ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ 5 ರೂಪಾಯಿ ಬಿಟ್ಟರೆ ಶೇಕಡಾ 20ರಷ್ಟು ಹೆಚ್ಚು ಮಾರಬೇಕು. 10 ಬಿಟ್ಟರೆ ಶೇಕಡಾ 50. 15 ಬಿಟ್ಟರೆ ಶೇಕಡಾ 100, ಅಂದರೆ ಎರಡು ಪಟ್ಟು ಮಾರಾಟ. 20 ಬಿಟ್ಟರೆ ಮೂರು ಪಟ್ಟು. 30 ಬಿಟ್ಟರೆ ಎಷ್ಟು ಮಾರಿದರೂ ಸರಿದೂಗುವುದಿಲ್ಲ. ಉಳಿಕೆ ತೆಳುವಾದಷ್ಟೂ ಈ ಏರು ಕಡಿದಾಗುತ್ತದೆ. 100 ರೂಪಾಯಿಯ ಕಿರಾಣಿ ಸಾಮಾನಿನಲ್ಲಿ 12 ರೂಪಾಯಿ ಉಳಿಯುವ ಅಂಗಡಿಯವರು 10 ರೂಪಾಯಿ ಬಿಟ್ಟರೆ ಆರು ಪಟ್ಟು ಮಾರಬೇಕಾಗುತ್ತದೆ. ರಿಯಾಯಿತಿಯ ಫಲಕ ಬರೆಸಲು 600 ರೂಪಾಯಿ ತಗುಲಿದರೆ ಅದನ್ನೂ ಹೊಸ ಉಳಿಕೆಯಿಂದ ಭಾಗಿಸಿ ಸೇರಿಸಬೇಕು. ಹಿಂಡಿಯ ಲೆಕ್ಕದಲ್ಲಿ ಅದು ಇನ್ನೂ 30 ಪೊಟ್ಟಣ.

ಸೂತ್ರ ಸರಳ, ಆದರೆ ಅದಕ್ಕೆ ಯಾವ ಸಂಖ್ಯೆಯನ್ನು ಕೊಡುತ್ತೇವೆ ಎಂಬಲ್ಲಿ ಲೆಕ್ಕ ತಪ್ಪುವುದುಂಟು. ಮುಖ್ಯವಾಗಿ ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು, ಯಾವುದಕ್ಕೆ ಹೋಲಿಸುತ್ತೇವೆ ಎಂಬುದು. ಸಂಕ್ರಾಂತಿಯ ಸಮಯದಲ್ಲಿ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರ ಜಾತ್ರೆ ನಡೆಯುತ್ತದೆ. ಆ ತಿಂಗಳು ರಿಯಾಯಿತಿ ಕೊಟ್ಟು 320 ಪೊಟ್ಟಣ ಮಾರಿದವರು ಹಿಂದಿನ ತಿಂಗಳಿನ 200ಕ್ಕೆ ಹೋಲಿಸಿ ಗೆದ್ದೆವೆಂದು ಭಾವಿಸಬಹುದು. ಆದರೆ ಜಾತ್ರೆಯ ಜನಸಂದಣಿಯಿಂದಲೇ, ಪೂರ್ಣ ದರದಲ್ಲಿಯೇ 260 ಮಾರಾಟವಾಗುತ್ತಿದ್ದರೆ ಉಳಿಕೆ 7,800 ರೂಪಾಯಿ ಆಗುತ್ತಿತ್ತು. 320ನ್ನು 20ರಂತೆ ಮಾರಿದ್ದರಿಂದ ಬಂದದ್ದು 6,400. ಆದುದರಿಂದ ಹೋಲಿಕೆ ಹಿಂದಿನ ತಿಂಗಳಿನೊಡನೆ ಅಲ್ಲ. ರಿಯಾಯಿತಿ ಇಲ್ಲದಿದ್ದರೆ ಅದೇ ತಿಂಗಳು ಎಷ್ಟು ಮಾರಾಟವಾಗುತ್ತಿತ್ತು ಎಂಬುದರೊಡನೆ. ಕಳೆದ ವರ್ಷದ ಅದೇ ಜಾತ್ರೆಯ ಲೆಕ್ಕ ಬರೆದಿಟ್ಟವರಿಗೆ ಇದನ್ನು ಅಂದಾಜು ಮಾಡುವುದು ಸುಲಭ.

ಎರಡನೆಯದು, ಮುಂದಿನ ತಿಂಗಳಿನ ಗಿರಾಕಿ. ಅಗ್ಗವಾಗಿದೆಯೆಂದು ಖಾಯಂ ಗಿರಾಕಿಗಳು ಎರಡು ತಿಂಗಳಿಗೆ ಆಗುವಷ್ಟು ಒಮ್ಮೆಲೇ ಒಯ್ಯುತ್ತಾರೆ. ಸಾಮಾನ್ಯ ತಿಂಗಳಿನಲ್ಲಿ ಮಾರಿದ 300ರಲ್ಲಿ 40 ಇಂಥವಾದರೆ ಮುಂದಿನ ತಿಂಗಳ ಮಾರಾಟ 160ಕ್ಕೆ ಇಳಿಯುತ್ತದೆ. ಎರಡು ತಿಂಗಳಿನ ಉಳಿಕೆ 12,000 ಆಗುವ ಬದಲು 10,800 ಆಗುತ್ತದೆ. ರಿಯಾಯಿತಿ ಮುಗಿದ ಮರುತಿಂಗಳು ಮಾರಾಟ ಕುಸಿದರೆ ಅದೇ ಇದರ ಗುರುತು. ಹೀಗಾಗಿ ಲೆಕ್ಕವನ್ನು ಎರಡು ತಿಂಗಳಿಗೆ ಸೇರಿಸಿಯೇ ಮುಗಿಸಬೇಕು.

ಮೂರನೆಯದು, ಕೈಗಳ ಮಿತಿ. 200 ಪೊಟ್ಟಣ ಮಾಡುವ ಮನೆಯವರು 300 ಮಾಡಲು ರಾತ್ರಿ ಕೆಲಸಕ್ಕೆ ಹೆಚ್ಚಿನ ಕೂಲಿ ಕೊಡಬೇಕಾಗಬಹುದು. ಹೆಚ್ಚುವರಿ ಪೊಟ್ಟಣಕ್ಕೆ ಕೂಲಿ 5 ರೂಪಾಯಿ ಏರಿದರೆ ಅದರ ಉಳಿಕೆ 20 ಅಲ್ಲ, 15. ಆಗ ಮೊದಲ 200ರಲ್ಲಿ ಬಿಟ್ಟ 2,000 ರೂಪಾಯಿ ತುಂಬಲು 100 ಪೊಟ್ಟಣ ಸಾಲದು, ಸುಮಾರು 134 ಬೇಕು.

ಹಾಗೆಂದು ರಿಯಾಯಿತಿ ಎಂದೂ ಸಲ್ಲದೆಂದಲ್ಲ. ಹುರಿದ ಶೇಂಗಾದ ಹಿಂಡಿ ಬಹಳ ದಿನ ಉಳಿದರೆ ಕಮಟು ವಾಸನೆ ಬರುತ್ತದೆ. ಅವಧಿ ಸಮೀಪಿಸಿದ ಪೊಟ್ಟಣಗಳಿಗೆ 70 ರೂಪಾಯಿ ಈಗಾಗಲೇ ಖರ್ಚಾಗಿದೆ. ಮಾರದಿದ್ದರೆ ಬರುವುದು ಸೊನ್ನೆ. ಅಲ್ಲಿ 60 ರೂಪಾಯಿಗೆ ಮಾರಿದರೂ ಲಾಭವೇ. ಜನವರಿ ಕಳೆದ ಮೇಲೆ ಉಳಿದ ಗೋಡೆ ಕ್ಯಾಲೆಂಡರಿಗೂ ಇದೇ ನ್ಯಾಯ. ಅದೇ ರೀತಿ ಎಲ್ಲರಿಗೂ ದರ ಇಳಿಸದೆ, ಎರಡು ಒಯ್ದವರಿಗೆ ಎರಡನೆಯ ಪೊಟ್ಟಣವನ್ನು ಮಾತ್ರ 80 ರೂಪಾಯಿಗೆ ಕೊಟ್ಟರೆ, ಒಂದನ್ನೇ ಒಯ್ಯುವ ಖಾಯಂ ಗಿರಾಕಿಯ 30 ರೂಪಾಯಿ ಉಳಿಕೆ ಹಾಗೆಯೇ ಉಳಿಯುತ್ತದೆ.

ಫಲಕ ಬರೆಸುವ ಮೊದಲು ಪಾಲಕರು ವಹಿಯಲ್ಲಿ ಮೂರು ಸಂಖ್ಯೆ ಬರೆದುಕೊಳ್ಳಲಿ: ಒಂದು ಪೊಟ್ಟಣದ ಉಳಿಕೆ, ಬಿಡಲಿರುವ ರೂಪಾಯಿ, ರಿಯಾಯಿತಿ ಇಲ್ಲದಿದ್ದರೂ ಈ ತಿಂಗಳು ಮಾರಾಟವಾಗುವ ಪೊಟ್ಟಣಗಳು. ಭಾಗಾಕಾರವನ್ನು ಮಕ್ಕಳಿಗೆ ಬಿಡಬಹುದು. ಬಂದ ಸಂಖ್ಯೆಯಷ್ಟು ಗಿರಾಕಿಗಳು ನಮ್ಮ ಓಣಿಯಲ್ಲಿ ನಿಜವಾಗಿಯೂ ಇದ್ದಾರೆಯೇ ಎಂಬುದನ್ನು ಮಾತ್ರ ಹಿರಿಯರೇ ನಿರ್ಧರಿಸಬೇಕು.