ಎರಡು ಮಕ್ಕಳಿರುವ ನೋಡ್ ಅಳಿಸುವ ಬಗೆ

ಬೈನರಿ ಸರ್ಚ್ ಟ್ರೀಯಲ್ಲಿ ಒಂದು ನೋಡ್‌ಗೆ ಹೆಚ್ಚೆಂದರೆ ಎರಡು ಮಕ್ಕಳು. ಅದರ ಎಡಕ್ಕಿರುವ ಸಂಖ್ಯೆಗಳೆಲ್ಲ ಅದಕ್ಕಿಂತ ಚಿಕ್ಕವು, ಬಲಕ್ಕಿರುವವೆಲ್ಲ ದೊಡ್ಡವು. ಮಕ್ಕಳಿಲ್ಲದ ನೋಡನ್ನು ಸುಮ್ಮನೆ ಕಿತ್ತುಹಾಕಬಹುದು. ಒಂದೇ ಮಗು ಇದ್ದರೆ ಆ ಮಗುವನ್ನು ಮೇಲಿನ ನೋಡ್‌ಗೆ ಜೋಡಿಸಿದರೆ ಮುಗಿಯಿತು. ತೊಡಕು ಇರುವುದು ಎರಡು ಮಕ್ಕಳಿದ್ದಾಗ. ನೋಡ್ ಹೋದರೆ ಎರಡು ಕೊಂಬೆಗಳು ಅನಾಥವಾಗುತ್ತವೆ, ಮೇಲಿನ ನೋಡ್‌ನಲ್ಲಿ ತೆರವಾಗುವುದು ಒಂದೇ ಜಾಗ.

50, 30, 70, 20, 40, 60, 80, 65 ಎಂಬ ಸಂಖ್ಯೆಗಳನ್ನು ಇದೇ ಕ್ರಮದಲ್ಲಿ ಸೇರಿಸಿದ ಮರವನ್ನು ನೋಡೋಣ. ಬೇರಿನಲ್ಲಿ 50, ಅದರ ಎಡಕ್ಕೆ 30, ಬಲಕ್ಕೆ 70. 30ರ ಮಕ್ಕಳು 20 ಮತ್ತು 40. 70ರ ಮಕ್ಕಳು 60 ಮತ್ತು 80. 65 ಇರುವುದು 60ರ ಬಲಕ್ಕೆ.

ಈಗ ಬೇರಿನ 50 ಹೋಗಬೇಕು. ಅದರ ಜಾಗಕ್ಕೆ ಬರುವ ಸಂಖ್ಯೆ ಎಡಗಡೆ ಉಳಿದ ಎಲ್ಲವಕ್ಕಿಂತ ದೊಡ್ಡದಿರಬೇಕು, ಬಲಗಡೆ ಉಳಿದ ಎಲ್ಲವಕ್ಕಿಂತ ಚಿಕ್ಕದಿರಬೇಕು. ಈ ಷರತ್ತಿಗೆ ಒಪ್ಪುವುದು ಎರಡೇ: ಎಡಗಡೆಯ ಅತಿ ದೊಡ್ಡ ಸಂಖ್ಯೆ 40, ಬಲಗಡೆಯ ಅತಿ ಚಿಕ್ಕ ಸಂಖ್ಯೆ 60. ರೂಢಿಯಲ್ಲಿ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಅದು 50ರ ಉತ್ತರಾಧಿಕಾರಿ. ಹುಡುಕುವುದು ಸುಲಭ. ಒಂದು ಹೆಜ್ಜೆ ಬಲಕ್ಕೆ ಹೋಗಿ, ಅಲ್ಲಿಂದ ದಾರಿ ಮುಗಿಯುವತನಕ ಎಡಕ್ಕೇ ಇಳಿಯಬೇಕು.

ಹಾಗೆ ಸಿಕ್ಕ ಉತ್ತರಾಧಿಕಾರಿಗೆ ಎಡ ಮಗು ಇರುವುದು ಸಾಧ್ಯವೇ ಇಲ್ಲ. ಇದ್ದಿದ್ದರೆ ಅದು ಇನ್ನೂ ಚಿಕ್ಕದಾಗಿರುತ್ತಿತ್ತು, ಇಳಿಯುವ ದಾರಿ ಅಲ್ಲಿಗೂ ಸಾಗುತ್ತಿತ್ತು. ಇಡೀ ಉಪಾಯದ ಜೀವ ಇರುವುದು ಇಲ್ಲೇ: ಕಷ್ಟದ ಅಳಿಸುವಿಕೆಯೊಂದು ಸುಲಭದ ಅಳಿಸುವಿಕೆಯಾಗಿ ಬದಲಾಗುತ್ತದೆ. 60ನ್ನು ಬೇರಿನಲ್ಲಿ ಬರೆದು, ಹಳೆಯ 60ರ ಬಲ ಮಗು 65ನ್ನು 70ರ ಎಡಕ್ಕೆ ಜೋಡಿಸಿದರೆ ಕೆಲಸ ಆಯಿತು. ಎಡಭಾಗವನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

```
p = t
s = t.right
while s.left != null:
    p = s
    s = s.left
t.key = s.key
if p == t: p.right = s.right
else:      p.left = s.right
```

ಇಲ್ಲಿ `t` ಅಳಿಯಬೇಕಾದ ನೋಡ್, `s` ಉತ್ತರಾಧಿಕಾರಿ, `p` ಅದರ ಮೇಲಿನ ನೋಡ್. ಹೊಸಬರು ಎಡವುವುದು ಕೊನೆಯ ಎರಡು ಸಾಲುಗಳಲ್ಲಿ. ಬದಲಾದ ಮರದಿಂದ 70ನ್ನು ಅಳಿಸಿ ನೋಡಿದರೆ ಏಕೆಂದು ತಿಳಿಯುತ್ತದೆ. ಅದರ ಮಕ್ಕಳು ಈಗ 65 ಮತ್ತು 80. ಬಲಕ್ಕೆ ಹೋದೊಡನೆ 80 ಸಿಗುತ್ತದೆ, ಅದಕ್ಕೆ ಎಡ ಮಗು ಇಲ್ಲ, `while` ಒಮ್ಮೆಯೂ ಓಡುವುದಿಲ್ಲ. ಹಾಗಾಗಿ `p` ಎಂದರೆ `t` ತಾನೇ. ಆಗ ಕತ್ತರಿಸಬೇಕಾದದ್ದು ಬಲ ಕೊಂಡಿ. `if` ಮರೆತು ಎಡ ಕೊಂಡಿಯನ್ನು ಕತ್ತರಿಸಿದರೆ 65 ಮಾಯವಾಗುತ್ತದೆ, 80 ಎರಡು ಸಲ ಉಳಿಯುತ್ತದೆ. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಮುಂದುವರಿಯುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಅಳಿಸಿದ ಮೇಲೆ ಮರವನ್ನು ಎಡ, ನಡು, ಬಲ ಎಂಬ ಕ್ರಮದಲ್ಲಿ ಓದಿಸುವುದೇ ಒಳ್ಳೆಯ ಪರೀಕ್ಷೆ. 20, 30, 40, 60, 65, 80 ಎಂದು ಬರಬೇಕಾದಲ್ಲಿ 20, 30, 40, 60, 80, 80 ಎಂದು ಬಂದರೆ ಗುಟ್ಟು ರಟ್ಟಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಈ ವಿಧಾನ ಮೌಲ್ಯವನ್ನು ನಕಲು ಮಾಡುತ್ತದೆಯೇ ಹೊರತು ನೋಡನ್ನು ಸರಿಸುವುದಿಲ್ಲ. ಹೆಸರಿಗೆ ಹೋದದ್ದು 50, ಮೆಮೊರಿಯಿಂದ ಹೋದದ್ದು 60 ಇದ್ದ ನೋಡ್. ಪ್ರೋಗ್ರಾಂನ ಬೇರೆ ಭಾಗವೊಂದು ಆ ನೋಡ್‌ನ ವಿಳಾಸವನ್ನು ಹಿಡಿದಿಟ್ಟುಕೊಂಡಿದ್ದರೆ ಅದರ ಕೈಗೆ ಸಿಗುವುದು ಕಸ. ಅಂಥಲ್ಲಿ ನಕಲು ಮಾಡದೆ, ಕೊಂಡಿಗಳನ್ನೇ ಬದಲಿಸಿ ಉತ್ತರಾಧಿಕಾರಿ ನೋಡನ್ನು ಇಡಿಯಾಗಿ ಮೇಲಕ್ಕೆ ತರಬೇಕು. ಬರೆಯುವ ಸಾಲು ಹೆಚ್ಚುತ್ತದೆ, ಆದರೆ ಅಳಿಸು ಎಂದ ನೋಡೇ ಅಳಿಯುತ್ತದೆ.

ಉತ್ತರಾಧಿಕಾರಿಯನ್ನು ಮೇಲೆ ತರುವ ಈ ಕ್ರಮವನ್ನು 1962ರಲ್ಲಿ ಪ್ರಕಟಿಸಿದವರು ಥಾಮಸ್ ಹಿಬ್ಬಾರ್ಡ್. ಯಾದೃಚ್ಛಿಕವಾಗಿ ಕಟ್ಟಿದ ಮರದಿಂದ ಯಾವುದೋ ಒಂದು ಸಂಖ್ಯೆ ಹೋದರೂ ಮರದ ಆಕಾರ ಯಾದೃಚ್ಛಿಕವಾಗಿಯೇ ಉಳಿಯುತ್ತದೆ ಎಂದು ಅವರು ಸಾಧಿಸಿ ತೋರಿಸಿದ್ದರು. ಆದರೆ ಅಳಿಸಿದ ಮೇಲೆ ಹೊಸದನ್ನು ಸೇರಿಸಿದರೆ ಈ ಗುಣ ಕೆಡುತ್ತದೆ ಎಂಬುದನ್ನು 1970ರ ದಶಕದಲ್ಲಿ ಗ್ಯಾರಿ ನಾಟ್ ಕಂಡುಕೊಂಡರು. ಕಾರಣ ಊಹಿಸುವುದು ಕಷ್ಟವಲ್ಲ. ತೆರವಾದ ಜಾಗ ತುಂಬಲು ಪ್ರತಿ ಸಲವೂ ಬಲಗಡೆಯಿಂದಲೇ ಕಿತ್ತರೆ ಬಲಭಾಗ ಸೊರಗುತ್ತದೆ, ಎಡಭಾಗ ಬೆಳೆಯುತ್ತದೆ. 1983ರಲ್ಲಿ ಜೆಫ್ರಿ ಎಪಿಂಗರ್ ನಡೆಸಿದ ಪ್ರಯೋಗಗಳಲ್ಲಿ ಅಳಿಸಿ ಸೇರಿಸುವ ಕೆಲಸ ಬಹಳ ಕಾಲ ನಡೆದಾಗ ದೊಡ್ಡ ಮರಗಳ ದಾರಿ ಮೊದಲು ತುಸು ಕಿರಿದಾಗಿ, ಆಮೇಲೆ ಆರಂಭದಲ್ಲಿದ್ದುದಕ್ಕಿಂತಲೂ ಉದ್ದವಾಯಿತು. ಒಮ್ಮೆ ಬಲಗಡೆಯ ಅತಿ ಚಿಕ್ಕದು, ಒಮ್ಮೆ ಎಡಗಡೆಯ ಅತಿ ದೊಡ್ಡದು ಎಂದು ಎರಡೂ ಕಡೆಯಿಂದ ಆರಿಸಿಕೊಂಡಾಗ ಮಾತ್ರ ದಾರಿ ಹಾಗೆ ಹಿಗ್ಗಲಿಲ್ಲ.