ಮುಂಜಾನೆ ಟ್ರೋಪೋನಿನ್ ನಾರ್ಮಲ್, ಮಧ್ಯಾಹ್ನ ಹೈ: ಯಾವ ರಿಪೋರ್ಟ್ ಖರೆ?

ಈ ಎಪಿಸೋಡ್‌ನಲ್ಲಿ ಒಂದೇ ಒಂದು ರಿಪೋರ್ಟ್ ಓದೋಣ. ಎದೆನೋವು ಅಂತ ಎಮರ್ಜೆನ್ಸಿಗೆ ಹೋದಾಗ ರಕ್ತ ತೆಗೆದು ಕೊಡ್ತಾರಲ್ಲ, ಟ್ರೋಪೋನಿನ್ ಅಂತ, ಅದು.

ಹಾವೇರಿ ಜಿಲ್ಲೆಯ ಯಾವ ಆಸ್ಪತ್ರೆ ಹೊರಗೆ ನಿಂತರೂ ಈ ಮಾತು ಕೇಳಬಹುದು: "ಮುಂಜಾನೆ ನಾರ್ಮಲ್ ಐತಿ ಅಂದ್ರಿ, ಈಗ ಹೆಚ್ಚಾಗೇತಿ ಅಂತೀರಿ. ಎರಡರಾಗ ಯಾವುದು ಖರೆ?" ಮನೆಯವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಹೆಚ್ಚಿನ ಸಲ ಎರಡೂ ಖರೆ ಇರುತ್ತವೆ. ಹೇಗೆ ಅಂತ ನೋಡೋಣ.

ಟ್ರೋಪೋನಿನ್ ಅನ್ನೋದು ಹೃದಯದ ಸ್ನಾಯುವಿನ ಒಳಗಿರುವ ಪ್ರೋಟೀನ್. ಸ್ನಾಯು ಬಿಗಿಯಾಗಿ ಸಡಿಲ ಆಗೋದಕ್ಕೆ ಅದು ಬೇಕು. ಸ್ನಾಯುವಿನ ಜೀವಕೋಶಕ್ಕೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತೆ. ಸೋರೋಕೆ ಟೈಮ್ ಬೇಕು. ರಕ್ತನಾಳ ಕಟ್ಟಿಕೊಂಡ ಕೂಡಲೇ ರಿಪೋರ್ಟ್‌ನಲ್ಲಿ ಅಂಕಿ ಏರಲ್ಲ. ಹೈ ಸೆನ್ಸಿಟಿವಿಟಿ ಅನ್ನುವ ಈಗಿನ ಟೆಸ್ಟ್‌ಗೂ ಸಾಮಾನ್ಯವಾಗಿ ಒಂದರಿಂದ ಮೂರು ತಾಸು ಬೇಕು. ಹಳೇ ಟೆಸ್ಟ್‌ಗಳಿಗೆ, ಬೆರಳಿನ ರಕ್ತ ಹಾಕಿ ಗೆರೆ ನೋಡುವ ಕಾರ್ಡ್ ಟೆಸ್ಟ್‌ಗಳಿಗೆ ಇನ್ನೂ ಹೆಚ್ಚು.

ಹಾಗಾಗಿ ಈ ರಿಪೋರ್ಟ್ ಓದೋಕೆ ಮೊದಲು ಬೇಕಾಗಿರೋದು ನೋವು ಎಷ್ಟು ಗಂಟೆಗೆ ಶುರುವಾಯಿತು ಅನ್ನೋದು. ಆಸ್ಪತ್ರೆಗೆ ಬಂದ ಟೈಮ್ ಬೇರೆ, ನೋವು ಬಂದ ಟೈಮ್ ಬೇರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಿರೇಕೆರೂರು ತಾಲ್ಲೂಕಿನ ಒಬ್ಬ ರೈತ, ವಯಸ್ಸು 52. ಬೆಳಗ್ಗೆ 5ಕ್ಕೆ ಎದೆ ಹಿಡಿದಂಗೆ ಆಯಿತು, ಎಡಗೈ ಭಾರ, ಬೆವರು. 6ಕ್ಕೆ ಆಸ್ಪತ್ರೆ ತಲುಪಿದರು. ಇಸಿಜಿಯಲ್ಲಿ ಸ್ಪಷ್ಟವಾಗಿ ಏನೂ ಕಾಣಲಿಲ್ಲ. 6.15ಕ್ಕೆ ತೆಗೆದ ರಕ್ತದಲ್ಲಿ ಟ್ರೋಪೋನಿನ್ ಟಿ 9 ng/L ಬಂತು. ಈ ಹೈ ಸೆನ್ಸಿಟಿವಿಟಿ ಟೆಸ್ಟ್‌ಗೆ ಮೇಲಿನ ಗಡಿ 14. ಅಂದರೆ ನಾರ್ಮಲ್. ಮನೆಗೆ ಹೋಗಬಹುದಾ? ಇಲ್ಲ. ನೋವು ಶುರುವಾಗಿ ಇನ್ನೂ ಒಂದೂಕಾಲು ತಾಸು. ಮೂರು ತಾಸು ಬಿಟ್ಟು, 9.15ಕ್ಕೆ ಮತ್ತೆ ತೆಗೆದರೆ 61. ಗಡಿ ದಾಟಿತು, ಅದೂ ಜಿಗಿದು ದಾಟಿತು. ನೋವಿನ ಲಕ್ಷಣದ ಜೊತೆಗೆ ಈ ಏರಿಕೆ ಕಂಡರೆ ಡಾಕ್ಟರ್ ಹಾರ್ಟ್ ಅಟ್ಯಾಕ್ ಅಂತ ತೀರ್ಮಾನಕ್ಕೆ ಬರ್ತಾರೆ. ಮೊದಲ ರಿಪೋರ್ಟ್ ತಪ್ಪಿರಲಿಲ್ಲ. ಅದು 6.15ರ ರಕ್ತದ ಸತ್ಯ ಹೇಳಿತ್ತು, ಅಷ್ಟೇ.

ಈಗ ಸವಣೂರಿನ ಒಬ್ಬ ಅಜ್ಜಿ ಅಂದುಕೊಳ್ಳಿ. ಕಿಡ್ನಿ ತೊಂದರೆ ಹಲವು ವರ್ಷದಿಂದ ಇದೆ. ರಾತ್ರಿ ಎದೆ ಉರಿ ಅಂತ ಬಂದರು. ಮೊದಲ ಅಂಕಿ 46. ಮನೆಯವರು ಗಾಬರಿ. ಮೂರು ತಾಸು ಆದಮೇಲೆ 48. ಏರಿದ್ದು ನೂರಕ್ಕೆ ನಾಲ್ಕರಷ್ಟು. ಒಂದೇ ರಕ್ತವನ್ನು ಎರಡು ಸಲ ಮಷಿನ್‌ಗೆ ಹಾಕಿದರೂ ಅಷ್ಟು ವ್ಯತ್ಯಾಸ ಬರಬಹುದು. ಮೊದಲೇ ಗಡಿ ದಾಟಿದ ಅಂಕಿ ನೂರಕ್ಕೆ 20ಕ್ಕಿಂತ ಹೆಚ್ಚು ಏರಿದರೆ ಅಥವಾ ಇಳಿದರೆ ಮಾತ್ರ ಅದನ್ನು ಹೊಸ ಪೆಟ್ಟು ಅಂತ ನೋಡೋದು ವಾಡಿಕೆ. ಅಜ್ಜಿಯ ಅಂಕಿ ಹೆಚ್ಚಿದ್ದರೂ ಸಪಾಟಾಗಿದೆ. ಕಿಡ್ನಿ ಕಾಯಿಲೆ, ಹಳೇ ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಹೀಗೆ ಕಾಣುತ್ತೆ. ಇವತ್ತಿನ ಅಟ್ಯಾಕ್ ಅಲ್ಲದಿರಬಹುದು, ಆದರೆ ಹೃದಯಕ್ಕೆ ದಿನಾ ಸ್ವಲ್ಪ ಸ್ವಲ್ಪ ಪೆಟ್ಟು ಬೀಳ್ತಿದೆ ಅನ್ನೋ ಸೂಚನೆ ಅದು. ಆಮೇಲೆ ತೋರಿಸಲೇಬೇಕು.

ಈಗ ಇಬ್ಬರನ್ನೂ ಪಕ್ಕದಲ್ಲಿಟ್ಟು ನೋಡಿ. ನಾರ್ಮಲ್ ಬಂದವರಿಗೆ ಅಟ್ಯಾಕ್, ಹೈ ಬಂದವರಿಗೆ ಅಲ್ಲ. ಒಂದು ಅಂಕಿ ಹೇಳದೇ ಇದ್ದದ್ದನ್ನು ಎರಡು ಅಂಕಿಯ ನಡುವಿನ ಅಂತರ ಹೇಳಿತು.

ಮೂರನೇ ಥರದವರೂ ಇದ್ದಾರೆ. "ಗ್ಯಾಸ್ ಆಗೇತಿ" ಅಂತ ಸೋಡಾ ಕುಡಿದು ಎರಡು ದಿನ ಮನೆಯಲ್ಲೇ ಕಳೆದು ಬರುವವರು. ಅವರಲ್ಲಿ ಅಂಕಿ ಇಳಿಯುತ್ತಾ ಇರಬಹುದು: ಇವತ್ತು 900, ನಾಳೆ 640. ಇಳಿಯೋದು ಒಳ್ಳೇ ಸುದ್ದಿ ಅಂತ ಅನಿಸುತ್ತೆ. ಅದರ ಅರ್ಥ ಅಟ್ಯಾಕ್ ಆಗಿಹೋಗಿದೆ ಅಂತ. ಇನ್ನೊಂದು ತೊಡಕು ಇದೆ. ಅಂಕಿ ಗುಡ್ಡದ ತುದಿಯಲ್ಲಿ ಇದ್ದಾಗ ಮೂರು ತಾಸಿನ ಅಂತರದ ಎರಡು ಸ್ಯಾಂಪಲ್ ಸಪಾಟಾಗಿ ಕಾಣಬಹುದು. ಆಗ ನೋವು ಬಂದ ದಿನ ಗೊತ್ತಿದ್ದರೆ ಮಾತ್ರ ಡಾಕ್ಟರ್ ಮೋಸ ಹೋಗಲ್ಲ.

ಇದೇ ರಿಪೋರ್ಟ್‌ನಲ್ಲಿ ಸಿಕೆ-ಎಂಬಿ ಅಂತಲೂ ಇರಬಹುದು. ಅದು ಎರಡು ಮೂರು ದಿನದಲ್ಲಿ ಇಳಿದುಬಿಡುತ್ತೆ, ಟ್ರೋಪೋನಿನ್ ವಾರ, ಕೆಲವೊಮ್ಮೆ ಎರಡು ವಾರ ಉಳಿಯುತ್ತೆ. ಹಾಗಾಗಿ ತಡವಾಗಿ ಬಂದವರಲ್ಲಿ ಸಿಕೆ-ಎಂಬಿ ನಾರ್ಮಲ್ ಅನ್ನೋದು ಟ್ರೋಪೋನಿನ್ ಮಾತನ್ನು ಸುಳ್ಳು ಮಾಡಲ್ಲ. ಎನ್‌ಟಿ-ಪ್ರೋಬಿಎನ್‌ಪಿ ಅಂತ ಇದ್ದರೆ ಅದರ ಪ್ರಶ್ನೆಯೇ ಬೇರೆ: ಹೃದಯದ ಮೇಲೆ ಒತ್ತಡ ಎಷ್ಟಿದೆ, ಹಾರ್ಟ್ ಫೇಲ್ಯೂರ್ ಇದೆಯಾ ಅಂತ ಅದು ಕೇಳುತ್ತೆ.

ಈಗ ನಮ್ಮ ಕಡೆ ಹೆಚ್ಚು ಆಗುವ ಗೊಂದಲಕ್ಕೆ ಬರೋಣ. ಹಾನಗಲ್, ಶಿಗ್ಗಾಂವಿಯಲ್ಲಿ ಮೊದಲ ಟೆಸ್ಟ್, ಹುಬ್ಬಳ್ಳಿಯಲ್ಲಿ ಎರಡನೇದು. ಹಿರೇಕೆರೂರಿನವರಾದರೆ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ. ಮೊದಲ ಲ್ಯಾಬ್ 0.03 ಅಂತ ಬರೆದಿದೆ, ಎರಡನೇದು 30 ಅಂತ. ಸಾವಿರ ಪಟ್ಟು ಏರಿತು ಅಂತ ಮನೆಯವರ ಎದೆ ಒಡೆಯುತ್ತೆ. ಅಂಕಿಯ ಪಕ್ಕದ ಅಕ್ಷರ ನೋಡಿ. ಒಂದು ng/mL, ಇನ್ನೊಂದು ng/L. ಮೊದಲನೇದನ್ನು 1000ದಿಂದ ಗುಣಿಸಿದರೆ 30. ಎರಡೂ ಒಂದೇ ಅಂಕಿ!

ಯೂನಿಟ್ ಒಂದೇ ಇದ್ದರೂ ಒಂದು ಕಡೆ ಟ್ರೋಪೋನಿನ್ ಐ, ಇನ್ನೊಂದು ಕಡೆ ಟ್ರೋಪೋನಿನ್ ಟಿ ಮಾಡಿದ್ದರೆ ಹೋಲಿಸೋ ಹಾಗಿಲ್ಲ. ಬೇರೆ ಬೇರೆ ಕಂಪನಿಯ ಎರಡು ಟ್ರೋಪೋನಿನ್ ಐ ಅಂಕಿಗಳನ್ನೂ ಹೋಲಿಸಬಾರದು; ಗಡಿಯೇ ಬೇರೆ, ಕೆಲವು ಟೆಸ್ಟ್‌ಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ. ಅದಕ್ಕೇ ದೊಡ್ಡ ಆಸ್ಪತ್ರೆಯಲ್ಲಿ "ನಮ್ಮಲ್ಲೇ ಎರಡು ಸಲ ಮಾಡ್ತೀವಿ" ಅನ್ನೋದು. ಅದು ದುಡ್ಡಿನಾಸೆ ಅಂತ ಜಗಳಕ್ಕೆ ನಿಲ್ಲಬೇಡಿ. ಒಂದೇ ಮಷಿನ್‌ನ ಎರಡು ಅಂಕಿ ಇಲ್ಲದೆ ಏರಿಕೆ ಲೆಕ್ಕ ಹಾಕೋಕೆ ಆಗಲ್ಲ.

ಇಷ್ಟೆಲ್ಲ ಕೇಳಿ ಯಾರೂ ರಿಪೋರ್ಟ್‌ಗೋಸ್ಕರ ಕಾಯುತ್ತಾ ಕೂರಬಾರದು. ಎದೆನೋವಿಗೆ ಮೊದಲ ಟೆಸ್ಟ್ ಇಸಿಜಿ. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಆಗಬೇಕು. ಇಸಿಜಿಯಲ್ಲೇ ದೊಡ್ಡ ಅಟ್ಯಾಕ್ ಕಂಡರೆ ಟ್ರೋಪೋನಿನ್ ಬರೋವರೆಗೆ ಕಾಯದೆ ಚಿಕಿತ್ಸೆ ಶುರು ಮಾಡ್ತಾರೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಲೆಕ್ಕಾಚಾರವೂ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸೋದು, ಅವರು ಹೇಳಿದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡೋದು, ಆಮೇಲೆ ಮುಂದಕ್ಕೆ ಕಳಿಸೋದು.

ಕೊನೆಗೆ ಟ್ರೋಪೋನಿನ್‌ನ ಒಂದು ಮಿತಿ. ಎರಡು ಸಲವೂ ನಾರ್ಮಲ್ ಬಂದರೆ ಸ್ನಾಯುವಿಗೆ ಪೆಟ್ಟಾಗಿಲ್ಲ ಅಂತ ಅರ್ಥ, ರಕ್ತನಾಳದಲ್ಲಿ ಅಡ್ಡಿ ಇಲ್ಲ ಅಂತ ಅಲ್ಲ. ನಡೆದರೆ ನೋವು, ಕೂತರೆ ಆರಾಮ, ಈಚೆಗೆ ಕೂತಾಗಲೂ ನೋವು ಅನ್ನುವಂತಿದ್ದರೆ ನಾರ್ಮಲ್ ರಿಪೋರ್ಟ್ ಜೇಬಲ್ಲಿಟ್ಟು ಸುಮ್ಮನಾಗಬೇಡಿ.

ಮನೆಯಲ್ಲಿ ಯಾರಿಗಾದರೂ ಹೀಗಾದರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವಷ್ಟರಲ್ಲಿ ಮೊಬೈಲ್ ನೋಟ್ಸ್‌ನಲ್ಲಿ ನೋವು ಶುರುವಾದ ಟೈಮ್ ಬರೆದುಕೊಳ್ಳಿ. ಆಮೇಲೆ ಪ್ರತಿ ಸಲ ರಕ್ತ ತೆಗೆದ ಟೈಮ್, ಲ್ಯಾಬ್ ಹೆಸರು, ಯೂನಿಟ್ ಸಮೇತ ಅಂಕಿ ಸೇರಿಸಿ. ಅಂಕಿ ಮಾತ್ರ ಕಾಣೋ ಹಾಗೆ ಕತ್ತರಿಸಿದ ಫೋಟೋ ಬೇಡ, ಇಡೀ ಪುಟ ಕಾಣಬೇಕು. ಊರು ಬಿಟ್ಟು ಮುಂದಿನ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಮೊದಲು ಕೇಳೋದು ಅದನ್ನೇ.